ಹಿಂಗಾರಿ ಜೋಳದ ಪುಸ್ತಿಕೆಗೆ ಹತ್ತು ಚಿತ್ರ: ಎಲ್ಲಾ ಒಂದೇ ಕೈಯಾಗ ಬರದಂಗ ಕಾಣಬೇಕು, ಕೂರಿಗೆ ಕೂರಿಗೆನ ಆಗಿರಬೇಕು

ಗದಗ ಡಿಟಿಪಿ

ನಮಸ್ಕಾರ್ರಿ ಎಲ್ಲರಿಗೂ. ಗದಗಿನಾಗ ಡಿಟಿಪಿ ಕೆಲಸ ಮಾಡ್ತೀನಿ. ನಮ್ಮ ತಾಲೂಕಿನ ಒಂದು ಹಳ್ಳಿ ಸಾಲಿ ಮಾಸ್ತರು ಐದನೇತ್ತೆ ಮಕ್ಕಳಿಗಂತ ಸಣ್ಣ ಪುಸ್ತಿಕೆ ಬರದಾರ. ಹಿಂಗಾರಿ ಬಿಳಿಜೋಳ ಬಿತ್ತೋದರಿಂದ ಹಿಡಿದು ರಾಶಿ ಮಾಡಿ ರೊಟ್ಟಿ ಬಡಿಯೋ ತನಕ. ಎ5 ಅಳತಿ, 24 ಪುಟ, ಹತ್ತು ಚಿತ್ರ. ಚಿತ್ರಕಾರರಿಗೆ ಕೊಡೋವಷ್ಟು ರೊಕ್ಕ ಇಲ್ಲ, ಎಐ ಟೂಲಿನಾಗ ಮಾಡಿಕೊಡ್ರಿ ಅಂದಾರ.

ಒಂದೊಂದ ಚಿತ್ರ ನೋಡಿದ್ರ ಚಂದನ ಅದಾವು. ಹತ್ತೂ ಒಂದ ಹಾಳಿಮ್ಯಾಲ ಇಟ್ಟು ನೋಡಿದ್ರ ಹತ್ತು ಮಂದಿ ಬರದಂಗ ಕಾಣ್ತಾವು. ಒಂದ್ರಾಗ ದಪ್ಪ ಗೆರಿ, ಒಂದ್ರಾಗ ಗೆರಿನ ಇಲ್ಲ, ಒಂದು ಸಿನಿಮಾ ಪೋಸ್ಟರ್ ಇದ್ದಂಗ. ನಮ್ಮ ಮುಖ್ಯ ಪಾತ್ರ ಗಂಗವ್ವ ಮೂರನೇ ಪುಟದಾಗ ಐವತ್ತರ ಹೆಣಮಗಳು, ಏಳನೇ ಪುಟದಾಗ ಕಾಲೇಜು ಹುಡುಗಿ!

ಎರಡನೇದು ಕೂರಿಗೆ. ಏನು ಬರದ್ರೂ ನೇಗಿಲು ಬರ್ತೈತಿ, ಇಲ್ಲಾ ಗಾಲಿ ಇರೋ ಯಾವುದೋ ಪರದೇಶದ ಯಂತ್ರ. ಜೋಳ ಅಂದ್ರ ಗೋವಿನಜೋಳ ಕೊಡ್ತೈತಿ. ಯಾರಾದ್ರೂ ಇಂಥಾ ಕೆಲಸ ಮುಗಿಸಿದವರು ಇದ್ರ ದಾರಿ ಹೇಳ್ರಿ.

ಬೈಟ್ ಬಸಣ್ಣ

ಸರಳ ಐತ್ರಿ ಅಣ್ಣಾರ. ಸೀಡ್ ನಂಬರ್ ಅಂತ ಇರತೈತಿ. ಮೊದಲನೇ ಚಿತ್ರದ ಸೀಡ್ ತಗೊಂಡು ಹತ್ತಕ್ಕೂ ಅದನ್ನ ಹಾಕ್ರಿ. ಸ್ಟೈಲು, ಮುಖ ಎಲ್ಲಾ ಒಂದ ನಮೂನಿ ಬರ್ತಾವು. ನಾನು ಹುಬ್ಬಳ್ಳಿಯೊಳಗ ಒಂದು ಅಂಗಡಿಯ ಇನ್‌ಸ್ಟಾಗ್ರಾಮ್ ಪೇಜಿಗೆ ಹಿಂಗ ಮಾಡೀನಿ.

ಕುಂಚ ಹುಬ್ಬಳ್ಳಿ

ಬಸಣ್ಣ ಹೇಳಿದ್ದರಲ್ಲಿ ಅರ್ಧ ನಿಜ ಇದೆ. ಸೀಡ್ ಅಂದರೆ ಚಿತ್ರ ಶುರುವಾಗುವ ಮೊದಲ ಚುಕ್ಕಿರಾಶಿಯ ಸಂಖ್ಯೆ ಅಷ್ಟೇ. ಅದೇ ಸೀಡ್, ಅದೇ ವಾಕ್ಯ ಕೊಟ್ಟರೆ ಹೆಚ್ಚು ಕಡಿಮೆ ಅದೇ ಚಿತ್ರ ಬರುತ್ತದೆ. ವಾಕ್ಯ ಬದಲಾಯಿಸಿದ ಕೂಡಲೇ, ಅಂದರೆ "ಬಿತ್ತುತ್ತಿದ್ದಾಳೆ" ಹೋಗಿ "ರೊಟ್ಟಿ ಬಡಿಯುತ್ತಿದ್ದಾಳೆ" ಆದ ಕೂಡಲೇ, ಆ ಸಂಖ್ಯೆ ಗೆರೆಯನ್ನೂ ಕಾಯುವುದಿಲ್ಲ, ಮುಖವನ್ನೂ ಕಾಯುವುದಿಲ್ಲ. ಬಸಣ್ಣಗೆ ಅದು ಕೆಲಸ ಮಾಡಿದ್ದು ಪ್ರತಿ ಚಿತ್ರದಲ್ಲೂ ವಸ್ತು ಹೆಚ್ಚು ಕಡಿಮೆ ಒಂದೇ ಇದ್ದದ್ದಕ್ಕೆ ಇರಬೇಕು. ಒಂದೇ ಪದ ಬದಲಿಸಿ ಆ ಪದದಿಂದ ಏನಾಯಿತು ಅಂತ ನೋಡಲಿಕ್ಕೆ ಸೀಡ್ ಒಳ್ಳೆಯದು. ಪುಸ್ತಕಕ್ಕೆ ಸಾಲದು.

ನಾನು ಮಾಡೋ ರೀತಿ ಹೇಳ್ತೀನಿ. ಹತ್ತು ಚಿತ್ರಕ್ಕೆ ಕೈ ಹಾಕೋ ಮೊದಲು ಒಂದೇ ಒಂದು ಚಿತ್ರವನ್ನು ಪೂರ್ತಿ ಮನಸ್ಸಿಗೆ ಬರುವ ತನಕ ಮಾಡಬೇಕು. ಅದನ್ನು ನಾನು ತಾಯಿ ಚಿತ್ರ ಅಂತೀನಿ. ಅದನ್ನು ಮಾಡುವಾಗ "ಸುಂದರ, ಜಾನಪದ ಶೈಲಿ, ಜಲವರ್ಣ" ಅಂತ ಬರೆದರೆ ಪ್ರಯೋಜನ ಇಲ್ಲ, ಆ ಮಾತಿಗೆ ಟೂಲು ಪ್ರತಿ ಸಲ ಬೇರೆ ಅರ್ಥ ಮಾಡಿಕೊಳ್ಳುತ್ತದೆ. ಗೆರೆ ಹೇಗಿರಬೇಕು, ಬಣ್ಣ ತುಂಬಿರೋದು ಹೇಗೆ, ಯಾವ ಐದು ಬಣ್ಣ, ಬೆಳಕು ಯಾವ ಕಡೆಯಿಂದ, ನೋಡೋ ಕಣ್ಣು ಎಷ್ಟು ಎತ್ತರದಲ್ಲಿ ಅಂತ ಬರೀಬೇಕು. ನಿಮ್ಮ ಪುಸ್ತಿಕೆಗಾದರೆ ನಾನು ಹೀಗೆ ಶುರು ಮಾಡ್ತಿದ್ದೆ:

```
flat gouache illustration, even dark-brown ink outline, no gradients,
black soil, dusty ochre, cream, faded indigo, one brick-red accent,
low morning light from the left, plain pale sky, eye-level view
```

ಈ ಮೂರು ಸಾಲು ಹತ್ತೂ ಚಿತ್ರಕ್ಕೆ ಅಕ್ಷರ ಬದಲಾಗದೆ ಹೋಗಬೇಕು. ಒಂದು ಫೈಲಿನಲ್ಲಿ ಇಟ್ಟುಕೊಂಡು ಅಲ್ಲಿಂದಲೇ ಕಾಪಿ ಮಾಡಿ. ನೆನಪಿನಿಂದ ಬರೆದರೆ ಒಂದು ಪದ ಆಚೀಚೆ ಆಗೇ ಆಗುತ್ತದೆ. ದೃಶ್ಯದ ವಿವರ ಮಾತ್ರ ಪ್ರತಿ ಸಲ ಬೇರೆ.

ಆದರೆ ಬರೀ ಮಾತಿನಿಂದ ಪೂರ್ತಿ ಹಿಡಿತ ಸಿಗಲ್ಲ. ತಾಯಿ ಚಿತ್ರವನ್ನೇ ಉಲ್ಲೇಖವಾಗಿ ಜೊತೆಗೆ ಕೊಡಬೇಕು. ಮಿಡ್‌ಜರ್ನಿಯಲ್ಲಿ ಅದಕ್ಕೆ `--sref` ಅಂತ ಇದೆ, ಎಷ್ಟು ಬಿಗಿಯಾಗಿ ಹಿಡೀಬೇಕು ಅನ್ನೋದಕ್ಕೆ `--sw`, ತಾನಾಗಿ 100 ಇರುತ್ತದೆ. ಮಾತಾಡಿಸಿ ಚಿತ್ರ ಮಾಡಿಸೋ ಟೂಲುಗಳಲ್ಲಿ ತಾಯಿ ಚಿತ್ರ ಅಪ್‌ಲೋಡ್ ಮಾಡಿ "ಇದರ ಗೆರೆ, ಬಣ್ಣ ಮಾತ್ರ ತಗೋ, ವಸ್ತು ಬೇಡ" ಅಂತ ಹೇಳಬೇಕು.

ಇಲ್ಲಿ ಬಹಳ ಜನ ಎಡವೋ ಜಾಗ ಎರಡು. ಒಂದು: ಎರಡನೇ ಚಿತ್ರಕ್ಕೆ ಮೊದಲನೇದು, ಮೂರನೇದಕ್ಕೆ ಎರಡನೇದು ಅಂತ ಸರಪಳಿ ಮಾಡ್ತಾರೆ. ಪ್ರತಿ ಹೆಜ್ಜೆಗೂ ಸ್ವಲ್ಪ ಸ್ವಲ್ಪ ಸರಿದು, ಹತ್ತನೇದು ಬರೋ ಹೊತ್ತಿಗೆ ಅದು ಬೇರೇನೇ ಆಗಿರುತ್ತದೆ. ಪ್ರತಿ ಸಲವೂ ತಾಯಿ ಚಿತ್ರಕ್ಕೇ ಮರಳಬೇಕು. ಎರಡು: ತಾಯಿ ಚಿತ್ರದಲ್ಲಿ ಇರೋ ವಸ್ತು ಸೋರುತ್ತದೆ. ಅದರಲ್ಲಿ ಬೇವಿನ ಮರ ಇದ್ದರೆ ಅಡುಗೆಮನೆ ಚಿತ್ರದಲ್ಲೂ ಕಿಟಕಿಯಾಚೆ ಬೇವಿನ ಮರ ನಿಂತಿರುತ್ತದೆ. ಅದಕ್ಕೇ ತಾಯಿ ಚಿತ್ರ ಸಪ್ಪೆಯಾಗಿರಲಿ: ಒಬ್ಬ ಮನುಷ್ಯ, ಸ್ವಲ್ಪ ನೆಲ, ಒಂದು ಗಿಡ, ಸಾಕು. ಆದರೂ ಸೋರಿದರೆ `--sw` ಇಳಿಸಿ.

ಗಂಗವ್ವನ ವಿಷಯ ಬೇರೆ. ಶೈಲಿ ಹಿಡಿಯೋದು, ವ್ಯಕ್ತಿ ಹಿಡಿಯೋದು ಎರಡು ಬೇರೆ ಕೆಲಸ. ಅವಳನ್ನು ಬಿಳಿ ಹಿನ್ನೆಲೆಯಲ್ಲಿ ಎದುರಿನಿಂದ, ಪಕ್ಕದಿಂದ, ಹಿಂದಿನಿಂದ, ಮೂರು ನಿಲುವಿನಲ್ಲಿ ಒಂದೇ ಹಾಳೆಯಲ್ಲಿ ಮಾಡಿಸಿಕೊಳ್ಳಿ. ಆ ಹಾಳೆಯನ್ನು ವ್ಯಕ್ತಿಯ ಉಲ್ಲೇಖ ಅಂತ ಕೊಡಿ. ಮಿಡ್‌ಜರ್ನಿಯ ಆರನೇ ಆವೃತ್ತಿಯಲ್ಲಿ ಅದು `--cref`, ಏಳರಲ್ಲಿ `--oref`. ಕೆಲಸ ಮುಗಿಯೋ ತನಕ ಆವೃತ್ತಿ ಬದಲಿಸಬೇಡಿ, ಒಂದೇ ಉಲ್ಲೇಖ ಬೇರೆ ಆವೃತ್ತಿಯಲ್ಲಿ ಬೇರೆ ಥರ ಓದಿಕೊಳ್ಳುತ್ತದೆ. ಇನ್ನೊಂದು ಮಾತು, ಮಕ್ಕಳು ಪಾತ್ರವನ್ನು ಗುರುತು ಹಿಡಿಯೋದು ಮುಖದಿಂದ ಅಲ್ಲ, ಸೀರೆಯಿಂದ. ಹಸಿರು ಸೀರೆ, ಇಟ್ಟಿಗೆ ಕೆಂಪು ಕುಪ್ಪಸ, ಕೈಯಲ್ಲಿ ಹಸಿರು ಬಳೆ ಅಂತ ಒಂದು ಸಲ ಗಟ್ಟಿ ಮಾಡಿ, ಪ್ರತಿ ವಾಕ್ಯದಲ್ಲೂ ಅದೇ ಮಾತು ಬರೀರಿ.

ಖಾನಾವಳಿ ಅಕ್ಕ

ನನಗೂ ಇದ ತೊಂದ್ರಿ ಆಗೇತಿ ನೋಡ್ರಿ. ನಮ್ಮ ಖಾನಾವಳಿ ಬೋರ್ಡಿಗೆ ರೊಟ್ಟಿ, ಎಣ್ಣಿಗಾಯಿ ಪಲ್ಯ, ಶೇಂಗಾ ಹಿಂಡಿ ಇರೋ ತಾಟು ಮಾಡಿಸಿದೆ. ತಾಟು ಚಲೋ ಬಂತು, ಮ್ಯಾಲ "ಜೋಳದ ರೊಟ್ಟಿ ಊಟ" ಅಂತ ಬರೀ ಅಂದ್ರ ತೆಲುಗು ಅಲ್ಲ ಕನ್ನಡ ಅಲ್ಲ, ಎಂಥದೋ ಸುರುಳಿ ಸುರುಳಿ ಬಂತು. "ರೊಟ್ಟಿ"ಯೊಳಗಿನ ಒತ್ತಕ್ಷರ ಪ್ರತಿ ಸಲ ಬ್ಯಾರೆ ಬ್ಯಾರೆ. ಬೋರ್ಡಿನವ ಹಂಗ ಅಚ್ಚು ಹಾಕ್ತೀನಿ ಅಂದಿದ್ದ, ನಮ್ಮ ಮಗಳು ನೋಡಿ ನಿಲ್ಲಿಸಿದ್ಲು. ಯಾವ ಟೂಲಿನಾಗ ಕನ್ನಡ ಸರಿ ಬರ್ತೈತಿ?

ಕುಂಚ ಹುಬ್ಬಳ್ಳಿ

ಅಕ್ಕಾ, ಚಿತ್ರದೊಳಗ ಅಕ್ಷರ ಮಾಡಿಸಬ್ಯಾಡ್ರಿ. ಟೂಲು ಅಕ್ಷರ ಬರೆಯೋದಿಲ್ಲ, ಅಕ್ಷರದ ಚಿತ್ರ ಬಿಡಿಸ್ತದ. ಕನ್ನಡದ ಕೆಲವು ಪದ ಅದೃಷ್ಟಕ್ಕೆ ಸರಿ ಬರಬಹುದು, ನಂಬೋ ಹಂಗಿಲ್ಲ. ಮ್ಯಾಲೆ ಖಾಲಿ ಜಾಗ ಬಿಡು ಅಂತ ಹೇಳಿ ತಾಟಿನ ಚಿತ್ರ ಅಷ್ಟೇ ತಗೋರಿ. ಅಕ್ಷರಾನ ಡಿಟಿಪಿಯವರ ಕಡೆ ಯೂನಿಕೋಡ್ ಫಾಂಟಿನಾಗ ಕೂಡಿಸಿರಿ. ದೊಡ್ಡ ಬೋರ್ಡಿಗೂ ಗೆರಿ ಒಡಿಯೋದಿಲ್ಲ.

ಗದಗ ಡಿಟಿಪಿ

ಕುಂಚ ಮೇಡಂ, ಬಾಳ ಉಪಕಾರ ಆತ್ರಿ. ನಿನ್ನೆ ರಾತ್ರಿ ತಾಯಿ ಚಿತ್ರ ಮಾಡಿದೆ. ಗಂಗವ್ವ ಬದುವಿನ ಮ್ಯಾಲ ನಿಂತಾಳ, ಹಿಂದ ಕರಿ ಎರಿ ಹೊಲ, ಅಷ್ಟೇ. ಈಗ ಹತ್ರಾಗ ಏಳು ಒಂದ ಮನಿಯವು ಅನ್ನಿಸ್ತಾವು.

ಜೋಳಕ್ಕೂ ಒಂದು ದಾರಿ ಸಿಕ್ತು. ಮೊದಲು "ಗೋವಿನಜೋಳ ಬ್ಯಾಡ" ಅಂತ ವಾಕ್ಯದಾಗ ಬರೀತಿದ್ದೆ, ಹಂಗ ಬರದಷ್ಟೂ ಅದ ಬರ್ತಿತ್ತು. ಅದನ್ನ ತಗದು ಬೇಕಾದ್ದು ಹೆಂಗೈತಿ ಅನ್ನೋದಷ್ಟ ಬರದೆ: ದಂಟಿನ ತುದಿಗೆ ಮಾತ್ರ ಒಂದು ತೆನಿ, ಮೊಟ್ಟಿ ಆಕಾರ, ಒತ್ತಾದ ಕೆನಿ ಬಣ್ಣದ ಕಾಳು, ನಡು ದಂಟು ಖಾಲಿ. ಕಡೀಕ `--no corn, maize` ಹಾಕಿದೆ. ಈಗ ಜೋಳ ಜೋಳದಂಗ ಬರಾಕತ್ತೈತಿ.

ಕೂರಿಗೆ ಮಾತ್ರ ಬಗ್ಗವಲ್ದು. ಮೂರು ಚಿತ್ರ ಹಾಕೀನಿ, ನೋಡಿ ಹೇಳ್ರಿ: ಬಿತ್ತಿಗೆ, ಕೊಯ್ಲು, ರಾಶಿ.

ಎರಿಹೊಲ

ನಾನು ನರಗುಂದ ಕಡಿಯಾಂವ, ಅರವತ್ತೆಂಟು ನಡೀತೈತಿ. ಟೂಲು ಗೀಲು ನನಗ ಗೊತ್ತಿಲ್ಲ. ಚಿತ್ರ ನೋಡಿದ್ದು ಹೇಳ್ತೀನಿ.

ಬಿತ್ತಿಗೆ ಚಿತ್ರದಾಗ ಜೋರು ಮಳಿ ಸುರಿಯಾಕತ್ತೈತಿ. ಎರಿ ಹೊಲದಾಗ ಮಳ್ಯಾಗ ಕೂರಿಗೆ ಹೂಡಿದ್ರ ಅರ್ಧ ಸಾಲು ಹೋಗೂದ್ರಾಗ ಮಣ್ಣು ಮೆತ್ತಿಕೊಂಡು ಕೂರಿಗೆ ನಿಂತ ಬಿಡತೈತಿ, ಎತ್ತಿನ ಕಾಲಿಗೂ ಸೇರಗಟ್ಲೆ ಮಣ್ಣು. ಉತ್ತರಿ, ಹಸ್ತ ಮಳಿ ಹೋಗಿ ನೆಲ ಹದಕ್ಕ ಬಂದ ಮ್ಯಾಲ ಬಿತ್ತೂದು. ಆಮ್ಯಾಲ ಆ ಹಸಿ ಮ್ಯಾಲನ ಬೆಳಿ ಬರತೈತಿ. ಮತ್ತ ಕೂರಿಗೆ ಇನ್ನೂ ಮುಂದ ಹೋಗಬೇಕಾದ ಜಾಗದಾಗ ಆಗಲೇ ಹಸರು ಮೊಳಕಿ ಎದ್ದಾವು! ಯಾರ ಬಿತ್ತಿದ್ರು ಅದನ್ನ?

ಎತ್ತಿಗೆ ಇಣಿನ ಇಲ್ಲ. ನಮ್ಮ ಎತ್ತಿಗೆ ಹೆಗಲ ಮ್ಯಾಲ ಇಣಿ ಇರತೈತಿ, ನೊಗ ಅದರ ಮುಂದ ಕೂಡತೈತಿ. ಇವು ಸಾಯೇಬರ ದೇಶದ ಎತ್ತು. ಎಡಗಡಿ ಎತ್ತಿಗೆ ನೊಗಾನೂ ಇಲ್ಲ, ಬರೇ ಬಾಜೂಕ ನಡಕೊಂತ ಹೊಂಟೈತಿ.

ಕೂರಿಗೆ ಅಂದ್ರ ಹಿಂಗ: ಅಡ್ಡಾಕ ಒಂದು ಕಟಗಿ ದಿಂಡು. ಅದಕ್ಕ ಕೆಳಗ ತಾಳು, ಮೂರು ಇಲ್ಲಾ ನಾಕು. ಒಂದೊಂದ ತಾಳಿಗೆ ಒಂದೊಂದ ಬಿದರಿನ ಕೊಳವಿ, ಎಲ್ಲಾ ಕೊಳವಿ ಮ್ಯಾಲ ಬಂದು ಒಂದ ಬಟ್ಟಲಕ್ಕ ಕೂಡತಾವು. ಹೆಣಮಗಳು ಉಡ್ಯಾಗ ಬೀಜ ಕಟಗೊಂಡು ಹಿಂದ ನಡಕೊಂತ ಮುಷ್ಟಿಲೆ ಬಟ್ಟಲಕ್ಕ ಬಿಡತಾಳ. ದಿಂಡಿನಿಂದ ಮುಂದ ಈಸು ಹೋಗಿ ನೊಗಕ್ಕ ಕಟ್ಟತೈತಿ. ನಿಮ್ಮ ಚಿತ್ರದಾಗ ಕೊಳವಿ ಐದು, ತಾಳು ಎರಡು. ಉಳಿದ ಮೂರು ಕೊಳವಿ ಬೀಜ ಎಲ್ಲಿ ಹೋತು?

ಕೊಯ್ಲು ಚಿತ್ರದಾಗ ಕುಡಗೋಲು ಹಿಡದಾಳ. ನಮ್ಮ ಕಡೆ ಬಿಳಿಜೋಳ ಕೀಳತಾರ, ಬೇರು ಸಮೇತ. ಕಿತ್ತು ಸಾಲ ಹಾಕಿ, ಒಣಗಿದ ಮ್ಯಾಲ ತೆನಿ ಮುರೀತಾರ. ಮತ್ತ ಆ ಹೊತ್ತಿಗೆ ಎಲಿ ಒಣಗಿ ಕಂದ ಆಗಿರತಾವು. ಇಲ್ಲಿ ಎಲ್ಲಾ ಗಿಳಿಹಸರು.

ಹಾವೇರಿ ಮಾಸ್ತರ

ಕಾಕಾ, ನಮ್ಮ ಕಡೆ ಕುಡುಗೋಲಿನಿಂದ ಕೊಯ್ಯೋರೂ ಇದ್ದಾರೆ. ಮುಂಗಾರಿ ಜೋಳಕ್ಕಂತೂ ಕೊಯ್ಯೋದೇ. ಕುಡುಗೋಲು ತಪ್ಪು ಅಂತ ಪೂರ್ತಿ ಹೇಳೋಕಾಗಲ್ಲ.

ಎರಿಹೊಲ

ಇರಲಿ ಮಾಸ್ತರ. ನಿಮ್ಮ ಊರಾಗ ಕೊಯ್ರಿ. ಪುಸ್ತಕ ಗದಗಿನದು, ಹಿಂಗಾರಿದು.

ಬಣ್ಣದ ಪೆಟ್ಟಿಗೆ, ಧಾರವಾಡ

ಒಂದು ಕಹಿ ಮಾತು ಹೇಳಲೇ? ಕಾಕಾ ಅವರು ಹತ್ತು ನಿಮಿಷದಾಗ ಹೇಳಿದ್ದನ್ನ ಕೇಳಿ ಒಬ್ಬ ಚಿತ್ರಕಾರ ಒಂದು ದಿನದಾಗ ಕೂರಿಗೆ ಬರೀತಿದ್ದ. ನೀವು ವಾರಗಟ್ಟಲೆ ಟೂಲಿನ ಜೋಡಿ ಗುದ್ದಾಡಾಕತ್ತೀರಿ. ಧಾರವಾಡದಾಗ ಚಿತ್ರಕಲಾ ವಿದ್ಯಾರ್ಥಿಗಳು ಎಷ್ಟು ಮಂದಿ ಖಾಲಿ ಕೂತಾರ ಗೊತ್ತೇನು? ರೊಕ್ಕ ಇಲ್ಲ ಅನ್ನೋದು ಚಿತ್ರದ ವಿಷಯಕ್ಕ ಮಾತ್ರ ಬರ್ತದ, ಕಾಗದಕ್ಕ, ಅಚ್ಚಿಗೆ ಬರೋದಿಲ್ಲ.

ಮತ್ತ ಶೈಲಿ ಒಂದೇ ಇರಬೇಕು ಅಂತ ಬದುಕಿರೋ ಕಲಾವಿದರ ಹೆಸರು ಹಾಕಿ ಮಾಡಿಸೋರೂ ಅದಾರ. ಅದು ಇನ್ನೂ ಕೆಟ್ಟದ್ದು.

ಕುಂಚ ಹುಬ್ಬಳ್ಳಿ

ಹೆಸರು ಹಾಕಬಾರದು ಅನ್ನೋದು ನನಗೂ ಒಪ್ಪಿಗೆ. ಅದಕ್ಕೇ ಮೇಲೆ ಗೆರೆ, ಬಣ್ಣದ ವಿವರ ಬರೆದದ್ದು. ಯಾರ ಹೆಸರೂ ಇಲ್ಲದೆ ನಮ್ಮದೇ ಒಂದು ತಾಯಿ ಚಿತ್ರ ಇಟ್ಟುಕೊಂಡರೆ ಶೈಲಿ ಹೆಚ್ಚು ಗಟ್ಟಿಯಾಗೇ ನಿಲ್ಲುತ್ತದೆ. ದುಡ್ಡಿನ ಮಾತು ನಾನು ಬಗೆಹರಿಸಲಾರೆ. ನಾನೂ ಚಿತ್ರ ಬರೆದೇ ಹೊಟ್ಟೆ ಹೊರೆಯೋಳು.

ಆದರೆ ಕೂರಿಗೆಯ ವಿಷಯದಲ್ಲಿ ನಿಮ್ಮ ಮಾತಿನಲ್ಲೇ ಉತ್ತರ ಇದೆ. ಟೂಲು ಕಲಿತ ಚಿತ್ರಗಳಲ್ಲಿ ನೇಗಿಲು ಸಾವಿರಾರು ಇರಬಹುದು, ಮೂರು ತಾಳಿನ ಕೂರಿಗೆ ಎಲ್ಲೋ ಬೆರಳೆಣಿಕೆ. ಅದಕ್ಕೆ ಗೊತ್ತಿಲ್ಲದ ವಸ್ತುವನ್ನು ಎಷ್ಟು ಉದ್ದ ವಾಕ್ಯದಲ್ಲಿ ವರ್ಣಿಸಿದರೂ ಗೊತ್ತಿರೋ ಹತ್ತಿರದ ವಸ್ತುವಿಗೇ ಅದು ಜಾರುತ್ತದೆ. ಒಂದೆರಡು ಸಲ ನೋಡಿದ ಮೇಲೆ ವಾಕ್ಯ ತಿದ್ದೋದು ನಿಲ್ಲಿಸಬೇಕು. ಆಕಾರವನ್ನು ನಾವೇ ಕೊಡಬೇಕು.

ಡಿಟಿಪಿಯವರೇ, ಯಾರದಾದರೂ ಮನೆಯ ಕೂರಿಗೆಯನ್ನು ಪಕ್ಕದಿಂದ ಸ್ವಲ್ಪ ಓರೆಯಾಗಿ, ಹಿಂದೆ ಏನೂ ಇಲ್ಲದ ಹಾಗೆ ಫೋಟೋ ತೆಗೀರಿ. ಅದರ ಮೇಲೆ ತೆಳು ಕಾಗದ ಇಟ್ಟು ಮುಖ್ಯ ಗೆರೆ ಅಷ್ಟೇ ಎಳೆಯಿರಿ: ದಿಂಡು, ತಾಳು, ಕೊಳವೆ, ಬಟ್ಟಲು, ಈಸು. ಹಗ್ಗದ ಗಂಟು, ಮರದ ಬಿರುಕು ಬೇಡ. ಸ್ಟೇಬಲ್ ಡಿಫ್ಯೂಷನ್ ಬಳಸೋರಾದರೆ ಕಂಟ್ರೋಲ್‌ನೆಟ್‌ನಲ್ಲಿ ಗೆರೆಚಿತ್ರ ಹಿಡಿಯೋ ಮಾದರಿಗೆ ಇದನ್ನು ಕೊಡಬಹುದು, ಹಿಡಿತದ ಅಂಕಿಯನ್ನು 1ರ ಹತ್ತಿರ ಇಡಿ. ಅರ್ಧಕ್ಕಿಳಿಸಿದರೆ ಕೊಳವೆ ಮತ್ತೆ ಐದಾಗುತ್ತವೆ. ಬೇರೆ ಟೂಲಾದರೆ ಗೆರೆಚಿತ್ರ ಒಂದು, ತಾಯಿ ಚಿತ್ರ ಒಂದು, ಎರಡನ್ನೂ ಕೊಟ್ಟು "ಇದರ ಆಕಾರ, ಅದರ ಬಣ್ಣ" ಅನ್ನಿ.

ಅದೂ ಆಗದಿದ್ದರೆ ನಾಚಿಕೆ ಬೇಡ. ಎತ್ತು, ಹೊಲ, ಗಂಗವ್ವ ಟೂಲಿನಿಂದ, ಕೂರಿಗೆ ನಿಮ್ಮ ಕೈಯಿಂದ. ಕ್ರಿಟಾದಲ್ಲೋ ಗಿಂಪ್‌ನಲ್ಲೋ ಬೇರೆ ಪದರದಲ್ಲಿ ಅದೇ ಕಂದು ಗೆರೆ ಎಳೆದು ಕೂಡಿಸಿ.

ಬೈಟ್ ಬಸಣ್ಣ

ಸೀಡ್ ವಿಷಯ ಒಪ್ಪಿದೆ ಮೇಡಂ. ಆದ್ರ ತಪ್ಪು ತಿದ್ದಾಕ ಅಷ್ಟು ಕಷ್ಟ ಯಾಕ? "ಎಡ ಎತ್ತಿಗೆ ನೊಗ ಹಾಕು" ಅಂತ ಅದಕ್ಕ ಹೇಳಿದ್ರ ತಿದ್ದಿ ಕೊಡ್ತೈತಲ್ಲ. ಒಂದೊಂದ ತಪ್ಪು ಹೇಳಿಕೊಂತ ಹೋದ್ರಾತು.

ಕುಂಚ ಹುಬ್ಬಳ್ಳಿ

ಹೇಳಬಹುದು. ಆದರೆ ಮಾತಿನಲ್ಲಿ ತಿದ್ದಿಸಿದಾಗ ಬಹಳಷ್ಟು ಟೂಲು ಆ ಒಂದು ಜಾಗ ಮಾತ್ರ ಮುಟ್ಟೋದಿಲ್ಲ, ಇಡೀ ಚಿತ್ರವನ್ನೇ ಮತ್ತೆ ಬರೆಯುತ್ತದೆ. ನೊಗ ಬಂತು ಅಂತ ಖುಷಿ ಪಡೋ ಹೊತ್ತಿಗೆ ಗಂಗವ್ವನ ಮೂಗು ಬದಲಾಗಿರುತ್ತದೆ, ಬಳೆ ಒಂದು ಕೈಯಲ್ಲಿ ಮಾಯ. ತಿದ್ದಿದ್ದರ ಮೇಲೆ ತಿದ್ದುತ್ತಾ ಹೋದರೆ ಬಣ್ಣ ಹಳದಿಗೆ ತಿರುಗೋದು, ಸಣ್ಣ ವಿವರ ಮಸುಕಾಗೋದು ಕೂಡ ಕಾಣುತ್ತದೆ. ನಾನು ಮಾಡೋದು ಇಷ್ಟು: ತಿದ್ದಿಸಿದ ಚಿತ್ರದಿಂದ ನೊಗ ಇರೋ ತುಂಡನ್ನಷ್ಟೇ ಕತ್ತರಿಸಿ, ಮೂಲ ಚಿತ್ರದ ಮೇಲೆ ಪದರವಾಗಿ ಇಟ್ಟು, ಅಂಚು ಮಾಸ್ಕಿನಿಂದ ಕೂಡಿಸ್ತೀನಿ. ಉಳಿದದ್ದು ಒಂದು ಚುಕ್ಕಿ ಕದಲೋದಿಲ್ಲ. ಜಾಗ ಗುರುತಿಸಿ ಅಲ್ಲಿಯಷ್ಟೇ ತಿದ್ದೋ ಸೌಲಭ್ಯ ಇರೋ ಟೂಲಾದರೂ ಮೂಲದ ಜೊತೆ ಒಂದರ ಮೇಲೊಂದು ಇಟ್ಟು ನೋಡೋದು ಒಳ್ಳೆಯದು.

ಹಾವೇರಿ ಮಾಸ್ತರ

ನನ್ನದೊಂದು ಅನುಭವ. ನಮ್ಮ ಶಾಲೆಯ ಗೋಡೆಪತ್ರಿಕೆಗೆ ಬ್ಯಾಡಗಿ ಮೆಣಸಿನಕಾಯಿ ಬಗ್ಗೆ ಚಿತ್ರ ಮಾಡಿಸಿದೆವು. ಕಾಯಿ ನುಣ್ಣಗೆ, ಹೊಳೆಹೊಳೆಯುತ್ತಾ ಬಂತು. ನೋಡಲಿಕ್ಕೆ ಬಹಳ ಚಂದ, ಯಾರಿಗೂ ಅನುಮಾನ ಬರಲಿಲ್ಲ. ಗೋಡೆಗೆ ಹಾಕಿದ ಮೇಲೆ ಆರನೇ ತರಗತಿ ಹುಡುಗ ಅಂದ: "ಸರ, ಇದು ಬ್ಯಾಡಗಿ ಅಲ್ಲ, ಬ್ಯಾಡಗಿ ಸುಕ್ಕ ಇರತೈತಿ." ಅವನಪ್ಪ ಪೇಟೆಯಲ್ಲಿ ಹಮಾಲಿ ಮಾಡ್ತಾನೆ. ಕಡ್ಡಿ ಮೆಣಸಿನಕಾಯಿ ಅಂದರೆ ಉದ್ದಕ್ಕೆ, ತೆಳ್ಳಗೆ, ಮೈತುಂಬ ಸುಕ್ಕು. ಅದೇ ಅದರ ಗುರುತು.

ಹಾಗಾದರೆ ತಪ್ಪು ಹಿಡಿಯೋದು ಹೇಗೆ? ಆರು ಬೆರಳು ಇದ್ದರೆ ಯಾರಿಗಾದರೂ ಕಾಣುತ್ತದೆ. ಚಂದ ಇರೋ ತಪ್ಪು ಹೇಗೆ ಕಾಣಬೇಕು?

ಕುಂಚ ಹುಬ್ಬಳ್ಳಿ

ಮಾಸ್ತರ, ಇಡೀ ಚರ್ಚೆಯಲ್ಲಿ ಇದೇ ಮುಖ್ಯ ಪ್ರಶ್ನೆ.

ಚಿತ್ರ ಬಂದ ಮೇಲೆ ತಪ್ಪು ಹುಡುಕಲಿಕ್ಕೆ ಕೂತರೆ ಕಣ್ಣು ಅದಕ್ಕೆ ಒಗ್ಗಿಹೋಗಿರುತ್ತದೆ. ಹಾಗಾಗಿ ಚಿತ್ರ ಮಾಡಿಸೋ ಮೊದಲೇ, ಈ ಪುಟದಲ್ಲಿ ಏನೇನು ಇರಲೇಬೇಕು, ಏನು ಇರಬಾರದು ಅಂತ ಗೊತ್ತಿದ್ದವರನ್ನು ಕೇಳಿ ಬರೆದಿಟ್ಟುಕೊಳ್ಳಬೇಕು. ಬಿತ್ತಿಗೆ ಪುಟಕ್ಕೆ ಕಾಕಾ ಹೇಳಿದ್ದೇ ಪಟ್ಟಿ: ಮಳೆ ಇಲ್ಲ, ಮೊಳಕೆ ಇಲ್ಲ, ನೆಲ ಕರಿ, ಎತ್ತಿಗೆ ಇಣಿ, ನೊಗ ಎರಡಕ್ಕೂ, ತಾಳು ಎಷ್ಟೋ ಕೊಳವೆ ಅಷ್ಟೇ, ಬೀಜ ಉಡಿಯಲ್ಲಿ. ಬಂದ ಚಿತ್ರವನ್ನು ಆ ಪಟ್ಟಿಗೆ ಹೋಲಿಸಿ ಒಂದೊಂದಾಗಿ ಟಿಕ್ ಹಾಕೋದು. ಇದು ಬೇಸರದ ಕೆಲಸ, ಆದರೆ ಮೆಣಸಿನಕಾಯಿ ಸುಕ್ಕಿನಂಥದ್ದು ಸಿಗೋದು ಇಲ್ಲೇ.

ಎರಡನೇದು ಎಣಿಸೋದು, ಹಿಂಬಾಲಿಸೋದು. ಎರಡು ಎತ್ತು ಅಂದರೆ ಎಂಟು ಕಾಲು, ಒಂದರ ಹಿಂದೆ ಒಂದು ಮರೆಯಾದ ಜಾಗದಲ್ಲಿ ಏಳೋ ಒಂಬತ್ತೋ ಆಗಿರುತ್ತದೆ. ಪ್ರತಿ ಹಗ್ಗವನ್ನೂ ಬೆರಳಿಟ್ಟು ಹಿಂಬಾಲಿಸಿ, ಎಲ್ಲಿಂದ ಹೊರಟಿತು, ಎಲ್ಲಿ ಮುಗಿಯಿತು ನೋಡಿ. ಮೂಗುದಾಣದ ಹಗ್ಗ ಕೈಗೆ ಬರೋ ಬದಲು ಗಾಳಿಯಲ್ಲಿ ಕರಗೋದು ಬಹಳ ಸಾಮಾನ್ಯ. ನೆರಳು ಎಲ್ಲ ಒಂದೇ ಕಡೆ ಬಿದ್ದಿವೆಯೇ ನೋಡಿ. ಪುಟ ಜೋಡಿಸುವಾಗ ಯಾರಾದರೂ ಚಿತ್ರವನ್ನು ಎಡಬಲ ತಿರುಗಿಸಿದರೆ ಸೆರಗು ಇನ್ನೊಂದು ಹೆಗಲಿಗೆ ಹೋಗಿರುತ್ತದೆ, ಗಂಗವ್ವ ಎಡಗೈಯಿಂದ ಬೀಜ ಬಿಡ್ತಿರ್ತಾಳೆ.

ಮೂರನೇದು, ಶೈಲಿಯ ತಪಾಸಣೆಯನ್ನು ಇದರ ಜೊತೆ ಬೆರೆಸಬೇಡಿ. ಅದಕ್ಕೆ ಹತ್ತೂ ಚಿತ್ರವನ್ನು ಚಿಕ್ಕದಾಗಿ ಒಂದೇ ಹಾಳೆಯಲ್ಲಿ ಅಚ್ಚು ತೆಗೆದು ದೂರದಿಂದ ನೋಡಬೇಕು. ಡಿಟಿಪಿಯವರು ಮೊದಲೇ ಮಾಡಿದ್ದು ಸರಿಯಾದ ಕೆಲಸ. ಆ ಹಾಳೆಯನ್ನು ಕಪ್ಪುಬಿಳುಪಿನಲ್ಲೂ ತೆಗೆದು ನೋಡಿ. ಬಣ್ಣ ಮುಚ್ಚಿಟ್ಟಿದ್ದ ವ್ಯತ್ಯಾಸ, ಒಂದರಲ್ಲಿ ಗೆರೆ ದಪ್ಪ, ಒಂದರಲ್ಲಿ ಆಕಾಶ ಕಪ್ಪು, ಥಟ್ಟನೆ ಎದ್ದು ಕಾಣುತ್ತದೆ.

ಕೊನೆಗೆ ಕಾಕಾ ಅಂಥವರಿಗೆ ತೋರಿಸೋದು. ಆಗ "ಸರಿ ಐತೇನ್ರಿ?" ಅಂತ ಕೇಳಬಾರದು. ನಮ್ಮ ಜನ ಸಂಕೋಚಕ್ಕೆ "ಚಲೋ ಐತ್ರಿ" ಅಂದುಬಿಡ್ತಾರೆ. ಕೆಳಗಿನ ಬರಹ ಮುಚ್ಚಿ, "ಇಲ್ಲಿ ಏನು ನಡದೈತಿ ಹೇಳ್ರಿ" ಅನ್ನಬೇಕು. "ಯಾರೋ ನೇಗಿಲು ಹೊಡ್ಯಾಕತ್ತಾರ" ಅಂದರೆ ಮುಗಿಯಿತು, ಆ ಚಿತ್ರ ಬಿದ್ದಂಗೆ.

ಎರಿಹೊಲ

ನನಗ ಸಂಕೋಚ ಇಲ್ಲವ್ವಾ.

ಗದಗ ಡಿಟಿಪಿ

ಕೂರಿಗೆ ಆತ್ರಿ! ನಮ್ಮ ಸೋದರಮಾವನ ಮನಿ ದನದ ಕೊಟ್ಟಿಗ್ಯಾಗ ಮೂರು ತಾಳಿನದು ಇನ್ನೂ ಐತಿ. ಹೊರಗ ತಂದು ಗ್ವಾಡಿಗೆ ಬಿಳಿ ಪಂಜಿ ಕಟ್ಟಿ ಫೋಟೋ ತಗದೆ, ಗೆರಿ ಎಳದೆ. ಮಾತಾಡಿಸೋ ಟೂಲಿಗೆ ಗೆರಿ ಮತ್ತ ತಾಯಿ ಚಿತ್ರ ಎರಡೂ ಕೊಟ್ಟೆ. ಮೂರು ತಾಳು ಬಂದ್ವು, ಕೊಳವಿ ಮೂರು ಬಂದ್ವು, ಆದ್ರ ನಡುವಿನ ಕೊಳವಿ ಬಟ್ಟಲ ಮುಟ್ಟಲಿಲ್ಲ, ಹಿಂದಿಂದ ಹಾದು ಮ್ಯಾಲ ಹೋತು. ಎಷ್ಟು ಹೇಳಿದ್ರೂ ಹಂಗ. ಕಡೀಕ ಮೇಡಂ ಹೇಳಿದಂಗ ಬಟ್ಟಲ, ಕೊಳವಿ ಎರಡೂ ನಾನ ಗಿಂಪ್‌ನಾಗ ಬರದು ಕೂಡಿಸಿದೆ. ಗೆರಿ ಬಣ್ಣ ತಾಯಿ ಚಿತ್ರದಿಂದ ಪಿಕ್ ಮಾಡಿದ್ದಕ್ಕ ಗೊತ್ತ ಆಗೂದಿಲ್ಲ.

ಮಾವಗ ಬರಹ ಮುಚ್ಚಿ ತೋರಿಸಿದೆ. "ಬಿತ್ತಾಕತ್ತಾರ" ಅಂದ. ಆಮ್ಯಾಲ "ಬಟ್ಟಲ ಸಣ್ಣದಾತು" ಅಂದ. ಅದನ್ನೂ ದೊಡ್ಡದ ಮಾಡೀನಿ.

ಅಚ್ಚಿನ ಕಡಿಂದ ಒಂದು ಮಾತು ನಾನೂ ಹೇಳ್ತೀನಿ, ಇಲ್ಲಿ ಯಾರೂ ಹೇಳಲಿಲ್ಲ. 1024 ಪಿಕ್ಸೆಲ್ ಅಗಲದ ಚಿತ್ರ 300 ಡಿಪಿಐ ಒಳಗ ಎಂಟೂವರಿ ಸೆಂಟಿಮೀಟರ್ ಚಿಲ್ಲರೆ ಅಷ್ಟ ಆಗತೈತಿ. ಎ5 ಪುಟ ತುಂಬಬೇಕಂದ್ರ ಅಗಲಕ್ಕ 1748, ಎತ್ತರಕ್ಕ 2480 ಪಿಕ್ಸೆಲ್ ಬೇಕು, ಕತ್ತರಿಸೋ ಅಂಚಿಗೆ ಸುತ್ತ 3 ಮಿಲಿಮೀಟರ್ ಬ್ಯಾರೆ. ಹಂಗಾಗಿ ಅಪ್‌ಸ್ಕೇಲ್ ಮಾಡಬೇಕಾತು. ಮಾಡಿದ ಮ್ಯಾಲ ನೋಡಿದ್ರ ಗಂಗವ್ವನ ಸೀರಿ ದಡಿ ಒಂದು ಕಡೆ ಚೌಕಡಿ, ಒಂದು ಕಡೆ ಹಾವು ಹರದಂಗ. ಅಪ್‌ಸ್ಕೇಲರ್ ಇಲ್ಲದ್ದನ್ನ ತಾನ ಹುಟ್ಟಿಸತೈತಿ. ಅದಕ್ಕ ತಪಾಸಣಿ ದೊಡ್ಡದ ಮಾಡಿದ ಮ್ಯಾಲ ಇನ್ನೊಂದ ಸಲ ಮಾಡ್ರಿ, ಅದೂ ಸ್ಕ್ರೀನ್ ಮ್ಯಾಲ ಅಲ್ಲ, ನಿಜ ಅಳತಿ ಪ್ರಿಂಟ್ ಮ್ಯಾಲ. ಇಟ್ಟಿಗಿ ಕೆಂಪು ಅಚ್ಚಿನಾಗ ಚಲೋ ಬಂತು. ಮೊದಲಿನ ಹೊಳಿಯೋ ಕೆಂಪು ಇದ್ದಿದ್ರ ಸಿಎಂವೈಕೆ ಆದ ಕೂಡಲೆ ಮಂಕ ಆಗತಿತ್ತು.

ಈಗ ಉಳದದ್ದು ರಾಶಿ ಚಿತ್ರ. ಪುಸ್ತಿಕೆ ಬರದ ಮಾಸ್ತರು ಎತ್ತು ತುಳಿಸಿ ಕಾಳು ಬಿಡಿಸೋ ಹಂತಿ ಬೇಕು ಅಂತಾರ. ಟೂಲಿನಾಗ ಎತ್ತು ಒಂದು ಈ ಕಡೆ ಮಾರಿ, ಒಂದು ಆ ಕಡೆ ಮಾರಿ ಮಾಡಿ ನಿಲ್ಲತಾವು, ನಡುವ ಮೇಟಿ ಬದಲಿಗೆ ಕರೆಂಟ್ ಕಂಬ!

ಖಾನಾವಳಿ ಅಕ್ಕ

ರೊಟ್ಟಿ ಚಿತ್ರ ಹಾಕ್ರಿ ನೋಡೂಣು. ಲಟ್ಟಣಗಿ ಹಿಡದಿದ್ರ ನಾ ಬಿಡೂದಿಲ್ಲ, ರೊಟ್ಟಿ ಕೈಲೆ ಬಡೀತಾರ. ಹಂಚಿನ ಮ್ಯಾಲ ಹಾಕಿ ನೀರು ಸವರೂದೂ ಇರಲಿ.

ಗದಗ ಡಿಟಿಪಿ

ಲಟ್ಟಣಗಿ ಇತ್ರಿ ಅಕ್ಕಾ, ಈಗ ಹೇಳಿದ್ದು ಚಲೋ ಆತು. ತಗೀತೀನಿ. ಪಟ್ಟಿಯೊಳಗೂ ಬರಕೊಂಡೆ.

ಎರಿಹೊಲ

ಹಂತಿಯೊಳಗ ಎತ್ತು ಕೊಳ್ಳಿಗೆ ಕೊಳ್ಳು ಕಟ್ಟಿ ಸಾಲ ಹಿಡದು ಮೇಟಿ ಸುತ್ತ ತಿರಗತಾವು, ಎಲ್ಲಾ ಒಂದ ಕಡೆ ಮಾರಿ. ಆದ್ರ ಒಂದ ಮಾತು, ಈಗ ಎಲ್ಲಾ ಮಷೀನ ಬಂದಾವು. ಹಂತಿ ಕಟ್ಟಿದ್ದು ನಾವು ಕಣ್ಣಾರೆ ನೋಡಿ ಎಷ್ಟ ವರ್ಷ ಆತೋ. ಹುಡುಗರಿಗೆ ಇದ್ದದ್ದು ತೋರಸ್ರಿ.

ಹಾವೇರಿ ಮಾಸ್ತರ

ಮಷೀನು ಅವರು ದಿನಾ ನೋಡ್ತಾರಲ್ಲ ಕಾಕಾ. ನೋಡದ್ದನ್ನು ತೋರಿಸಲಿಕ್ಕೇ ತಾನೇ ಪುಸ್ತಕ? ಮತ್ತೆ ಕೊನೇ ಪುಟದಲ್ಲಿ ಚಿತ್ರಗಳು ಎಐ ಟೂಲಿನಿಂದ ಮಾಡಿಸಿ ತಿದ್ದಿದ್ದು ಅಂತ ಒಂದು ಸಾಲು ಹಾಕಿ. ಹಂತಿ ಚಿತ್ರವನ್ನು ಮಕ್ಕಳು ಹಳೇ ಫೋಟೋ ನೋಡಿ ಬರೆದದ್ದು ಅಂದುಕೊಳ್ಳಬಾರದು.

ಬಣ್ಣದ ಪೆಟ್ಟಿಗೆ, ಧಾರವಾಡ

ಆ ಸಾಲು ಹಾಕೋದಾದ್ರ ಹಂತಿ ಚಿತ್ರ ನಾ ಬರದು ಕೊಡ್ತೀನಿ, ಪುಕ್ಕಟೆ ಅಲ್ಲ, ನನ್ನ ಹೆಸರು ಹಾಕಿ. ತಾಯಿ ಚಿತ್ರ ಕಳಸ್ರಿ, ಆ ಗೆರಿ ದಪ್ಪಕ್ಕ ಹೊಂದಿಸಿ ಬರೀತೀನಿ. ಒಂಬತ್ತರ ನಡುವ ನನ್ನದು ಯಾವುದು ಅಂತ ಗೊತ್ತಾದ್ರ ನಾನು ಸೋತಂಗೋ ಗೆದ್ದಂಗೋ, ಅದನ್ನ ಆಮ್ಯಾಲ ನೋಡೂಣು.

ಗದಗ ಡಿಟಿಪಿ

ರೊಕ್ಕದ ವಿಷಯ ಮಾಸ್ತರನ್ನ ಕೇಳಿ ನಾಳಿ ಹೇಳ್ತೀನ್ರಿ. ತಾಯಿ ಚಿತ್ರ, ಬಣ್ಣದ ಐದು ಚೌಕ, ಗಂಗವ್ವನ ಮೂರು ನಿಲುವಿನ ಹಾಳಿ ಮೂರೂ ಈಗ ಕಳಸಾಕತ್ತೀನಿ. ಹಂತಿಗೆ ಎತ್ತು ಎಷ್ಟು ಹಾಕೂದು ಅನ್ನೋದನ್ನ ಕಾಕಾ ಅವರು ಹೇಳಿದ ಮ್ಯಾಲ ಶುರು ಮಾಡ್ರಿ.

ಎರಿಹೊಲ

ಕಣ ಎಷ್ಟು ದೊಡ್ಡದ ಬರೀತೀರಿ ಅದನ್ನ ಮೊದಲ ಹೇಳ್ರಿ.